ಗಾಣಕ್ಕೆ ವರ್ಷದ ಬಜೆಟ್ಟೋ, ತಿಂಗಳ ರೋಲಿಂಗ್ ಫೋರ್ಕಾಸ್ಟೋ?

"ಉಡುಪಿ ಹತ್ತಿರ ನಮ್ಮದು ಸಣ್ಣ ತೆಂಗಿನೆಣ್ಣೆ ಗಾಣ. ಏಪ್ರಿಲ್‌ನಲ್ಲಿ ಮಾಡಿದ ಬಜೆಟ್ ಕೊಬ್ಬರಿ ರೇಟು ಏರಿ ಜುಲೈಗೇ ಕೆಟ್ಟುಹೋಯಿತು. ವರ್ಷದ ಬಜೆಟ್ ಬಿಟ್ಟು ರೋಲಿಂಗ್ ಫೋರ್ಕಾಸ್ಟ್ ಮಾಡಬೇಕಾ?"

ಅಕ್ಕಾ, ಬಜೆಟ್ ಬಿಡಬೇಡಿ. ಆದರೆ ಕೊಬ್ಬರಿ ರೇಟನ್ನು ಅದರೊಳಗೆ ಕಟ್ಟಿಹಾಕಬೇಡಿ. ಅದಕ್ಕೆ ರೋಲಿಂಗ್ ಫೋರ್ಕಾಸ್ಟ್ ಮಾಡಿ, ಅಂದರೆ ತಿಂಗಳು ತಿಂಗಳು ತಿದ್ದುತ್ತಾ ಮುಂದಿನ ಆರು ತಿಂಗಳು ಕಾಣುವ ಅಂದಾಜಿನ ಹಾಳೆ.

ಬಾಡಿಗೆ, ಕೆಲಸದವರ ಸಂಬಳ, ಮೆಷಿನ್ ಸಾಲದ ಕಂತು ವರ್ಷವಿಡೀ ಹೆಚ್ಚುಕಡಿಮೆ ಅಷ್ಟೇ ಇರುತ್ತವೆ. ಇವಕ್ಕೆ ವರ್ಷದ ಬಜೆಟ್ಟೇ ಸರಿ. ಖರ್ಚು ಮೀರಿದರೆ ಕೂಡಲೇ ಗೊತ್ತಾಗುತ್ತದೆ. ಬ್ಯಾಂಕಿಗೂ ಅದೇ ಬೇಕು. ಸಣ್ಣ ಉದ್ಯಮದ ಓಡಿ ಲಿಮಿಟನ್ನು, ಅಂದರೆ ಖಾತೆಯಲ್ಲಿ ದುಡ್ಡಿಲ್ಲದಿದ್ದರೂ ತೆಗೆಯಲು ಬ್ಯಾಂಕ್ ಬಿಡುವ ಮಿತಿಯನ್ನು, ಅವರು ಸಾಮಾನ್ಯವಾಗಿ ವರ್ಷದ ಅಂದಾಜು ವಹಿವಾಟಿನ ಶೇ. 20ರ ಲೆಕ್ಕದಲ್ಲಿ ನೋಡುತ್ತಾರೆ.

ಕೊಬ್ಬರಿಯ ಕತೆ ಬೇರೆ. ತಿಂಗಳಿಗೆ 1,000 ಕಿಲೋ ಅರೆಯುತ್ತೀರಿ ಎಂದಿಟ್ಟುಕೊಳ್ಳಿ. ಏಪ್ರಿಲ್‌ನಲ್ಲಿ ಕಿಲೋಗೆ 140 ರೂಪಾಯಿ ಹಿಡಿದಿರಿ. ಜೂನ್‌ನಿಂದ 240 ಆಯಿತು. ಕೊಬ್ಬರಿಗೆ ಕೈಯಲ್ಲೇ ದುಡ್ಡು ಕೊಡಬೇಕು. ಸರಕು 15 ದಿನ ಗಾಣದಲ್ಲಿ, ಆಮೇಲೆ ಅಂಗಡಿಯವರು ದುಡ್ಡು ಕೊಡಲು 45 ದಿನ. ಅಂದರೆ ಎರಡು ತಿಂಗಳ ಕೊಬ್ಬರಿ ದುಡ್ಡು ಯಾವಾಗಲೂ ಹೊರಗೇ ಇರುತ್ತದೆ. 140ರಲ್ಲಿ ಅದು 2.8 ಲಕ್ಷ. 240ರಲ್ಲಿ 4.8 ಲಕ್ಷ. ಓಡಿ ಲಿಮಿಟ್ 4 ಲಕ್ಷ ಇದ್ದರೆ 80 ಸಾವಿರ ಕಮ್ಮಿ ಬಿತ್ತು.

ನೀವು ಎಣ್ಣೆ ರೇಟನ್ನೂ ಏರಿಸಿರುತ್ತೀರಿ, ಪುಸ್ತಕದಲ್ಲಿ ಲಾಭವೇ ಕಾಣುತ್ತದೆ. ಆದರೆ ಜೂನ್, ಜುಲೈ ಎರಡು ತಿಂಗಳು ಕೊಬ್ಬರಿಗೆ ಹೊಸ ರೇಟಿನಲ್ಲಿ ದುಡ್ಡು ಕೊಡುತ್ತೀರಿ, ಬರುವುದು ಹಳೇ ರೇಟಿನ ಎಣ್ಣೆಯ ದುಡ್ಡು. ಜುಲೈನಲ್ಲಿ ಬಜೆಟ್ ತೆಗೆದು ನೋಡಿದರೆ "ಕೊಬ್ಬರಿ ಖರ್ಚು ಮೀರಿದೆ" ಎಂದಷ್ಟೇ ಕಾಣುತ್ತದೆ. ಯಾವ ತಿಂಗಳು ಖಾತೆ ಖಾಲಿಯಾಗುತ್ತದೆ ಎಂದು ಹೇಳುವುದು ರೋಲಿಂಗ್ ಹಾಳೆ ಮಾತ್ರ. ಸುರತ್ಕಲ್‌ನಲ್ಲಿ ನಾನು ಗೇರುಬೀಜದ ಸಣ್ಣ ಘಟಕ ನಡೆಸುವಾಗ ಒಂದು ವರ್ಷ ಇದೇ ಗೊತ್ತಾಗದೆ ಚೆಕ್ ವಾಪಸ್ ಬಂತು. ಆ ವರ್ಷ ನಷ್ಟವೇನೂ ಇರಲಿಲ್ಲ.

ಮಾಡುವುದು ಹೀಗೆ. ಪ್ರತಿ ತಿಂಗಳ ಮೊದಲ ಭಾನುವಾರ ಒಂದು ಗಂಟೆ ಕೂತುಕೊಳ್ಳಿ. ಮುಗಿದ ತಿಂಗಳ ಅಂದಾಜಿನ ಪಕ್ಕ ನಿಜವಾದ ಲೆಕ್ಕ ಬರೆಯಿರಿ. ಕೊನೆಗೆ ಹೊಸ ತಿಂಗಳು ಸೇರಿಸಿ. ಮುಂದೆ ಯಾವಾಗಲೂ ಆರು ತಿಂಗಳು ಕಾಣಬೇಕು. ಅದಕ್ಕಿಂತ ದೂರದ ಕೊಬ್ಬರಿ ರೇಟು ಸುಮ್ನೆ ಊಹೆ. ಬದಲಿಸುವುದು ನಾಲ್ಕೇ ಸಂಗತಿ: ಕೊಬ್ಬರಿ ರೇಟು, ಅರೆಯುವ ಕಿಲೋ, ಎಣ್ಣೆ ರೇಟು, ವಸೂಲಿಗೆ ಹಿಡಿಯುವ ದಿನ. ನಿಮ್ಮ ಕೈಯಲ್ಲಿ ಜಾಸ್ತಿ ಇರುವುದು ಕೊನೆಯದು. 45 ದಿನವನ್ನು 30ಕ್ಕೆ ಇಳಿಸಿದರೆ ಹೊರಗಿರುವ ದುಡ್ಡು 3.6 ಲಕ್ಷಕ್ಕೆ ಬರುತ್ತದೆ. ಲಿಮಿಟ್ ಒಳಗೇ ಆಯಿತು.

ಅಕ್ಕನ ಪ್ರಶ್ನೆಗೆ ಇನ್ನೊಬ್ಬರು "ತಿಂಗಳು ತಿಂಗಳು ನೋಡಿದರೆ ಸಾಕು, ಬಜೆಟ್ ಯಾಕೆ" ಎಂದಿದ್ದಾರೆ. ಅರ್ಧ ಸರಿ. ಪ್ರತಿ ತಿಂಗಳೂ ಅಂದಾಜು ಬದಲಿಸುತ್ತಾ ಹೋದರೆ ಯಾವ ತಪ್ಪೂ ತಪ್ಪಾಗಿ ಕಾಣುವುದಿಲ್ಲ. ಕರೆಂಟ್ ಬಿಲ್ ಏರಿತು, ಹೊಸ ಅಂದಾಜಿಗೆ ಸೇರಿಸಿದೆವು, ಮುಗಿಯಿತು. ಏರಿದ್ದು ಯಾಕೆಂದು ಯಾರೂ ಕೇಳುವುದಿಲ್ಲ. ಹಾಗಾಗಿ ಹಳೇ ಹಾಳೆ ಅಳಿಸಬೇಡಿ. ಮೂರು ತಿಂಗಳು ಸತತವಾಗಿ ನಿಮ್ಮ ವಸೂಲಿ ಅಂದಾಜಿಗಿಂತ ಕಮ್ಮಿ ಬಂದರೆ ರೇಟಿನ ದೋಷ ಅಲ್ಲ. ನೀವು ಅಂಗಡಿಯವರ ಮಾತನ್ನು ಜಾಸ್ತಿ ನಂಬುತ್ತಿದ್ದೀರಿ.

ಇದೇ ಪ್ರಶ್ನೆಗೆ ಉತ್ತರ ಬರೆದ ಮಲ್ಪೆಯ ಹೋಮ್‌ಸ್ಟೇ ಅಣ್ಣ, ಹೋದ ವರ್ಷದ ಲೆಕ್ಕಕ್ಕೆ ಶೇ. 10 ಸೇರಿಸುವ ನಿಮ್ಮ ಕ್ರಮ ನಿಮಗೆ ಆಗಬಹುದು. ನಿಮ್ಮಲ್ಲಿ ಸೀಸನ್ ಮುಖ್ಯ, ಕಚ್ಚಾಮಾಲು ಕಮ್ಮಿ. ಅಕ್ಕನ ಪ್ರಶ್ನೆ ಎಷ್ಟು ಬೆಳೆಯಬೇಕು ಎಂಬುದಲ್ಲ, ಯಾವ ತಿಂಗಳು ದುಡ್ಡು ಸಾಲದು ಎಂಬುದು.

ಹಾಳೆಯಲ್ಲಿ ಕೊರತೆ ಎರಡು ತಿಂಗಳು ಮೊದಲೇ ಕಂಡರೆ ಆಗಲೇ ಬ್ಯಾಂಕಿಗೆ ಹೋಗಿ. ರೇಟು ಏರಿದಾಗ ನಿಮ್ಮ ವಹಿವಾಟೂ ರೂಪಾಯಿಯಲ್ಲಿ ಏರಿರುತ್ತದೆ, ಅದನ್ನು ತೋರಿಸಿ ಲಿಮಿಟ್ ಹೆಚ್ಚಿಸಲು ಕೇಳಬಹುದು. ಚೆಕ್ ವಾಪಸ್ ಆದ ಮೇಲೆ ಹೋದರೆ ಮಾತೇ ಬೇರೆ ಆಗುತ್ತದೆ, ಮಾರಾಯ್ರೆ.

ರೇಟು ಇಳಿಯುವಾಗಲೂ ಜಾಗ್ರತೆ. ಆಗ ಹಳೇ ದುಬಾರಿ ಎಣ್ಣೆಯ ದುಡ್ಡು ಬರುತ್ತದೆ, ಕೊಬ್ಬರಿ ಅಗ್ಗ. ಖಾತೆ ತುಂಬಿದಂತೆ ಕಾಣುತ್ತದೆ. ಆದರೆ ಗೋಡೌನ್‌ನಲ್ಲಿರುವುದು 240ರ ಕೊಬ್ಬರಿ.

ಮಳೆಗೆ ಮೊದಲು ಮೇ ತಿಂಗಳಲ್ಲಿ ಎಷ್ಟು ಕೊಬ್ಬರಿ ಕಟ್ಟಿಡಬೇಕು ಎಂಬುದಕ್ಕೆ ನನ್ನಲ್ಲಿ ಒಂದೇ ಉತ್ತರ ಇಲ್ಲ. ಜೂನ್ ಆದ ಮೇಲೆ ಬಿಸಿಲಿಲ್ಲ, ಸರಿಯಾಗಿ ಒಣಗದ್ದಕ್ಕೆ ಬೂಸ್ಟು ಹಿಡಿಯುತ್ತದೆ. ಹೆಚ್ಚು ಕಟ್ಟಿಟ್ಟರೆ ಲಿಮಿಟ್ ಅಲ್ಲೇ ಮುಗಿಯುತ್ತದೆ. ನಿಮ್ಮ ಅಂಗಡಿಗಳ ವಸೂಲಿ ಈಗ ನಿಜವಾಗಿ ಎಷ್ಟು ದಿನ, ಲಿಮಿಟ್ ಎಷ್ಟು, ಇವೆರಡನ್ನು ಇಲ್ಲಿ ಹಾಕಿ. ಕೂತು ಲೆಕ್ಕ ಮಾಡಿ ನೋಡೋಣ.