ಎತ್ತಿದ ತಂಬಿಗೆಯ ಮುಂದೆ ಐದು ಎಣಿಕೆ

ಪ್ರಶ್ನೆ: ನಮ್ಮದು ಅಂಕೋಲಾ ಸಮೀಪದ ಹಳ್ಳಿ. ಮಗನಿಗೆ ಎರಡು ವರ್ಷ ನಾಲ್ಕು ತಿಂಗಳು. ಆಟಿಸಂ ಇದೆಯೆಂದು ವೈದ್ಯರು ಹೇಳಿದ್ದಾರೆ, ಕಿವಿಯ ಪರೀಕ್ಷೆಯಲ್ಲಿ ತೊಂದರೆ ಕಂಡಿಲ್ಲ. ಏನಾದರೂ ಬೇಕಾದರೆ ನನ್ನ ಕೈ ಹಿಡಿದು ಎಳೆಯುತ್ತಾನೆ. ಬೆರಳು ತೋರಿಸುವುದಿಲ್ಲ, ಮುಖ ನೋಡುವುದಿಲ್ಲ, ಮಾತಿಲ್ಲ. ಥೆರಪಿಗಾಗಿ ಹುಬ್ಬಳ್ಳಿಗೆ ತಿಂಗಳಿಗೆ ಎರಡೇ ಸಲ ಹೋಗಲಾಗುತ್ತದೆ. ಸ್ನಾನವೆಂದರೆ ಅವನಿಗೆ ಪ್ರಾಣ. ಮನೆಯಲ್ಲಿ ನಾವೇನು ಮಾಡಬಹುದು?

ಉತ್ತರ: ಸ್ನಾನದಿಂದಲೇ ಆರಂಭಿಸಿ, ಮೊದಲ ಎರಡು ವಾರ ಅದೊಂದನ್ನೇ ಹಿಡಿದುಕೊಳ್ಳಿ. ದಿನವೂ ಒಂದೇ ಕ್ರಮದಲ್ಲಿ ನಡೆಯುವ ಕೆಲಸದಲ್ಲಿ ಮುಂದೇನು ಬರುತ್ತದೆಂಬುದು ಮಗುವಿಗೆ ತಿಳಿದಿರುತ್ತದೆ. ಬರಬೇಕಾದದ್ದು ಒಂದು ಕ್ಷಣ ತಡವಾದಾಗ ಅವನು ನಿಮ್ಮ ಕಡೆ ತಿರುಗಲು ಕಾರಣ ಹುಟ್ಟುತ್ತದೆ.

ಮೊದಲು ನೀವು ಕೂರುವ ಜಾಗವನ್ನು ಬದಲಿಸಿ. ಮಗುವಿನ ಹಿಂದೆಯೋ ಮಗ್ಗುಲಲ್ಲೋ ಬಗ್ಗಿ ನೀರು ಹೊಯ್ದರೆ ಅವನಿಗೆ ಕಾಣುವುದು ತಂಬಿಗೆ ಮಾತ್ರ. ಹಂಡೆಯ ಬಿಸಿನೀರನ್ನು ಮುಂಚಿತವಾಗಿ ಬಕೆಟ್ಟಿನಲ್ಲಿ ಹದ ಮಾಡಿಕೊಂಡು, ಹಂಡೆಯಿಂದ ದೂರದಲ್ಲಿ, ತಗ್ಗು ಮಣೆಯ ಮೇಲೆ ಅವನಿಗೆ ಎದುರಾಗಿ ಕುಳಿತುಕೊಳ್ಳಿ. ತಂಬಿಗೆಯನ್ನು ನಿಮ್ಮ ಗದ್ದದ ಹತ್ತಿರ ಎತ್ತಿದರೆ, ನೀರನ್ನು ಅರಸುವ ಕಣ್ಣಿಗೆ ನಿಮ್ಮ ಮುಖವೂ ಸಿಗುತ್ತದೆ. "ನನ್ನ ನೋಡು" ಎಂದು ಗದ್ದ ಹಿಡಿದು ತಿರುಗಿಸುವ ಅಗತ್ಯವಿಲ್ಲ. ಹಾಗೆ ತಿರುಗಿಸಿದ ಮಗು ಮರುದಿನ ಇನ್ನಷ್ಟು ಮುಖ ತಪ್ಪಿಸಬಹುದು.

ಮೊದಲ ಮೂರು ದಿನ ಎಲ್ಲಿಯೂ ತಡೆಯದೆ ಕಾಲು, ಹೊಟ್ಟೆ, ಬೆನ್ನು ಎಂಬ ಒಂದೇ ಕ್ರಮದಲ್ಲಿ, "ಬಂತು, ಬಂತು, ಸುರ್ರ್!" ಎಂಬ ಒಂದೇ ಮಾತಿನೊಂದಿಗೆ ನೀರು ಹೊಯ್ಯಿರಿ. ನಾಲ್ಕನೆಯ ದಿನ ಎರಡು ಮೂರು ತಂಬಿಗೆ ಹೊಯ್ದ ಮೇಲೆ ಮುಂದಿನದನ್ನು ಎತ್ತಿ, "ಬಂತು, ಬಂತು..." ಎಂದು ನಿಲ್ಲಿಸಿ, ಮನಸ್ಸಿನಲ್ಲೇ ಐದರ ತನಕ ಎಣಿಸಿ. ಈ ಐದು ಎಣಿಕೆ ಸುಮ್ಮನಿರುವುದೇ ಹಿರಿಯರಿಗೆ ಅತ್ಯಂತ ಕಷ್ಟದ ಕೆಲಸ; ಪಕ್ಕದಲ್ಲಿ ಅಜ್ಜಿ ಇದ್ದರೆ "ನೀರು ಅನ್ನು, ಅನ್ನು" ಎಂದು ಒತ್ತಾಯಿಸದಂತೆ ಮೊದಲೇ ತಿಳಿಸಿಡಿ. ಅಷ್ಟರಲ್ಲಿ ಅವನು ಮೈ ಮುಂದಕ್ಕೆ ಬಾಗಿಸಲಿ, ಕೈ ಚಾಚಲಿ, ದನಿ ತೆಗೆಯಲಿ, ಅರೆಗಳಿಗೆ ಮುಖ ನೋಡಲಿ, ಅದನ್ನು ಮಾತೆಂದೇ ಲೆಕ್ಕ ಹಿಡಿದು ತಕ್ಷಣ "ಸುರ್ರ್!" ಎಂದು ಹೊಯ್ಯಿರಿ. ತಡಮಾಡಿದರೆ ತನ್ನ ಸನ್ನೆಯಿಂದಲೇ ನೀರು ಬಂತೆಂಬ ಸಂಬಂಧ ಅವನಿಗೆ ತಿಳಿಯುವುದಿಲ್ಲ. ಏನೂ ಬಾರದಿದ್ದರೂ ಹೊಯ್ಯಲೇಬೇಕು. ಒಂದು ಸ್ನಾನಕ್ಕೆ ಇಂಥ ನಾಲ್ಕೈದು ತಡೆ ಸಾಕು. ಅವನು ಅಳತೊಡಗಿದರೆ ಅಥವಾ ಎದ್ದು ಹೋಗತೊಡಗಿದರೆ ನೀವು ಹೆಚ್ಚು ತಡೆಯುತ್ತಿದ್ದೀರಿ ಎಂದರ್ಥ.

ಇಷ್ಟರಿಂದ ಬೆಳೆಯುವುದು ಬೇಕಾದದ್ದನ್ನು ಕೇಳಿ ಪಡೆಯುವ ಕೌಶಲ. ಅನೇಕ ಪೋಷಕರು, ಕೆಲವೊಮ್ಮೆ ಥೆರಪಿಸ್ಟರೂ, ಇಲ್ಲಿಗೇ ನಿಲ್ಲುತ್ತಾರೆ. ಇದಕ್ಕಿಂತ ಬೇರೆಯಾದ ಜಂಟಿ ಗಮನವೆಂದರೆ ಏನನ್ನೂ ಬೇಡದೆ, "ನೋಡು, ಇದು ಎಷ್ಟು ಚೆನ್ನಾಗಿದೆ" ಎಂಬಂತೆ ವಸ್ತುವಿನಿಂದ ನಿಮ್ಮ ಮುಖಕ್ಕೂ ಮುಖದಿಂದ ವಸ್ತುವಿಗೂ ಕಣ್ಣು ಹಾಯಿಸುವುದು. ಅದಕ್ಕೆ ತಡೆ ಹಾಕುವುದರಿಂದ ಉಪಯೋಗವಿಲ್ಲ. ಅವನ ಗಮನ ಈಗಾಗಲೇ ಇರುವಲ್ಲಿಗೆ ನೀವು ಹೋಗಬೇಕು. ನೀರು ಬಚ್ಚಲ ತೂಬಿನಲ್ಲಿ ಸುಳಿಯಾಗಿ ಇಳಿಯುವುದನ್ನು ಅವನು ನೋಡುತ್ತಿದ್ದರೆ ನೀವೂ ಬಗ್ಗಿ, ಬೆರಳನ್ನು ಸುಳಿಯ ಹತ್ತಿರಕ್ಕೇ ಒಯ್ದು, "ಓ, ನೀರು ಹೋಯ್ತು!" ಎಂದಷ್ಟೇ ಹೇಳಿ ಸುಮ್ಮನಿರಿ. "ಅದೇನು?" ಎಂಬ ಪ್ರಶ್ನೆ ಕೇಳಿದೊಡನೆ ಹಂಚಿಕೊಳ್ಳುವ ಕ್ಷಣ ಪರೀಕ್ಷೆಯಾಗಿಬಿಡುತ್ತದೆ. ಅವನು ತಿರುಗಿ ನೋಡಿದರೆ ಬಹುಮಾನವಾಗಿ ತಿಂಡಿ ಕೊಡಬೇಡಿ, ನಿಮ್ಮ ನಗುವೇ ಅದಕ್ಕೆ ಉತ್ತರ.

ಇವೆರಡನ್ನು ಬೇರೆಬೇರೆಯಾಗಿ ಕಲಿಸಬೇಕೆನ್ನಲು ನಮ್ಮ ನೆರೆಯಲ್ಲೇ ಆಧಾರವಿದೆ. ಕಾರವಾರದಾಚೆಯ ಗೋವಾದಲ್ಲಿಯೂ ಪಾಕಿಸ್ತಾನದ ರಾವಲ್ಪಿಂಡಿಯಲ್ಲಿಯೂ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ತರಬೇತಿ ಪಡೆದ ಸಾಮಾನ್ಯ ಆರೋಗ್ಯ ಕಾರ್ಯಕರ್ತರು ಆರು ತಿಂಗಳಲ್ಲಿ 12 ಭೇಟಿಗಳ ಮೂಲಕ ಪೋಷಕರಿಗೆ ಇಂಥ ಮಾರ್ಗದರ್ಶನ ನೀಡಿದರು. ಪೋಷಕರು ಮಗುವಿಗೆ ಹೊಂದಿಕೊಂಡು ಸ್ಪಂದಿಸುವುದೂ, ಮಗು ತಾನಾಗಿ ಸಂವಹನ ಆರಂಭಿಸುವುದೂ ಹೆಚ್ಚಿತು. ಆದರೆ ಗಮನ ಹಂಚಿಕೊಂಡು ಕಳೆಯುವ ಹೊತ್ತು ಹೆಚ್ಚುವ ಬದಲು ಕಡಿಮೆಯಾಯಿತು.

ಮುನ್ನಡೆಯನ್ನು ನೆನಪಿನಿಂದ ಅಳೆಯಬೇಡಿ. ವಾರಕ್ಕೊಮ್ಮೆ, ಬಟ್ಟೆ ತೊಟ್ಟಿರುವಾಗ ಬಕೆಟ್ಟಿನ ನೀರಿನಲ್ಲಿ ಅದೇ ಆಟವಾಡಿಸಿ, ಎರಡು ನಿಮಿಷ ಮೊಬೈಲಿನಲ್ಲಿ ಚಿತ್ರಿಸಿಕೊಳ್ಳಿ. ಅವನು ಕೇಳಿದ್ದೆಷ್ಟು, ಏನೂ ಬೇಡದೆ ನಿಮ್ಮನ್ನು ನೋಡಿದ್ದೆಷ್ಟು ಎಂದು ಎರಡು ಸಾಲಿನಲ್ಲಿ ಗೀಟು ಹಾಕಿ. ಮೊದಲ ಸಾಲು ಬೇಗ ತುಂಬುತ್ತದೆ, ಎರಡನೆಯದು ವಾರಗಟ್ಟಲೆ ಖಾಲಿ ಇರಬಹುದು. ಒಂದು ಸನ್ನೆ ಸತತ ಮೂರು ದಿನ ತಾನಾಗಿ ಬಂದ ಮೇಲೆ ಅದೇ ತಡೆಯನ್ನು ದೋಸೆಯ ತುಂಡು ಕೊಡುವಾಗ ಬಳಸಿ. ಹುಬ್ಬಳ್ಳಿಗೆ ಹೋಗುವಾಗ ಆ ಚಿತ್ರಣವನ್ನೂ ಒಯ್ದು ತೋರಿಸಿ, ಮಗುವಿನ ನಡೆಯ ಜೊತೆಗೆ ನಿಮ್ಮ ಕಾಯುವಿಕೆಯನ್ನೂ ತಿದ್ದಿಕೊಡಲು ಕೇಳಿ. ಬಂದಿದ್ದ ಸನ್ನೆ ಅಥವಾ ದನಿ ಮತ್ತೆ ಮಾಯವಾದರೆ ಮುಂದಿನ ಸರದಿಗೆ ಕಾಯದೆ ವೈದ್ಯರನ್ನು ಕಾಣಿರಿ.