ರೋಲ್ ಪ್ರಮೇಯದ ಕಾರ್ಡಿಗೆ tan x ಬೇಡ

ಸರ್, ಪ್ರಮೇಯದ ಪ್ರತಿ ಷರತ್ತು ಯಾಕೆ ಬೇಕು ಅಂತ ಓದಿಗೆ ಕಾರ್ಡ್ ಬರೀತೀವಲ್ಲ, ರೋಲ್ ಪ್ರಮೇಯದ ಆ ಕಾರ್ಡಲ್ಲಿ ಕೌಂಟರ್‌ಎಕ್ಸಾಂಪಲ್ ಅಂತ [0, π] ಮೇಲೆ tan x ಬರೆದಿದ್ದೆ. ಮೇಡಂ ಮಾರ್ಕ್ಸ್ ಕಟ್ ಮಾಡಿದ್ರು. ಉದಾಹರಣೆ ಸರಿ ಇದೆ ಅಲ್ವಾ?
– ಬಿಎಸ್ಸಿ ವಿದ್ಯಾರ್ಥಿನಿ, ಜಯನಗರ

ಲೆಕ್ಕ ಸರಿ ಇದೆಯಮ್ಮಾ, ಕಾರ್ಡ್ ಸರಿ ಇಲ್ಲ. ರೋಲ್ ಪ್ರಮೇಯಕ್ಕೆ ಷರತ್ತು ಮೂರು: [a, b] ಮೇಲೆ ಕಂಟಿನ್ಯುಟಿ, (a, b) ಮೇಲೆ ಡಿಫರೆನ್ಷಿಯಬಿಲಿಟಿ, ಮತ್ತೆ f(a) = f(b). ಮೂರೂ ಇದ್ದರೆ ಒಳಗೆ ಎಲ್ಲೋ ಒಂದು cಯಲ್ಲಿ ಡಿರೈವೆಟಿವ್ ಸೊನ್ನೆ. ಈ tan x ಪ್ರತಿ ಸೆಮಿಸ್ಟರ್ ನನ್ನ ಟೇಬಲ್ಲಿಗೂ ಬರುತ್ತದೆ. ಎರಡೂ ತುದಿಯಲ್ಲಿ ಬೆಲೆ 0, ಡಿರೈವೆಟಿವ್ sec² x ಎಲ್ಲೂ ಸೊನ್ನೆ ಆಗಲ್ಲ, ನಿಜ. ಆದರೆ π/2ರಲ್ಲಿ ಫಂಕ್ಷನ್ನೇ ಇಲ್ಲ. ಹಾಗಾಗಿ ಕಂಟಿನ್ಯುಟಿಯೂ ಹೋಯಿತು, ಡಿಫರೆನ್ಷಿಯಬಿಲಿಟಿಯೂ ಹೋಯಿತು. ಪ್ರಮೇಯ ಕೆಟ್ಟಿದ್ದು ಯಾವುದರಿಂದ? ನಿಮ್ಮ ಕಾರ್ಡ್ ನೋಡಿ ಹೇಳಕ್ಕಾಗಲ್ಲ. ಪ್ರತಿ ಷರತ್ತಿಗೂ ಬೇರೆ ಉದಾಹರಣೆ ಬೇಕು. ಅದರಲ್ಲಿ ಆ ಒಂದೇ ಷರತ್ತು ಮುರಿಯಬೇಕು, ಉಳಿದವು ಗಟ್ಟಿಯಾಗಿರಬೇಕು.

ಕಂಟಿನ್ಯುಟಿಗೆ ಇದನ್ನು ಬರೆಯಿರಿ: 0 ≤ x < 1 ಇದ್ದಾಗ f(x) = x, ಆದರೆ f(1) = 0. ತುದಿಗಳು ಸಮ. ಒಳಗೆಲ್ಲಾ ಡಿರೈವೆಟಿವ್ 1. ಕೆಟ್ಟಿರುವುದು x = 1ರಲ್ಲಿ ಕಂಟಿನ್ಯುಟಿ ಒಂದೇ. ಈಗ ಪ್ರಮೇಯದ ಸಾಧನೆ ತೆಗೆದು ನೋಡಿ. ಅದರ ಮೊದಲ ಸಾಲೇ 'f ಗರಿಷ್ಠ ಬೆಲೆ ಮುಟ್ಟುತ್ತದೆ' ಅಂತ. ಇಲ್ಲಿ f 1ರ ಹತ್ತಿರ ಹತ್ತಿರ ಹೋಗುತ್ತದೆ, ಮುಟ್ಟುವುದೇ ಇಲ್ಲ. ಸಾಧನೆ ಬಿದ್ದ ಜಾಗ ಇದು. 'ಯಾಕೆ ಬೇಕು' ಅನ್ನುವ ಕಡೆ ಈ ಸಾಲನ್ನೇ ಬರೆಯಿರಿ. 'ಇಲ್ಲದಿದ್ದರೆ ಪ್ರಮೇಯ ತಪ್ಪಾಗುತ್ತದೆ' ಅಂತ ಬರೆದರೆ ಏನೂ ಹೇಳಿದ ಹಾಗಾಗಲಿಲ್ಲ.

ಡಿಫರೆನ್ಷಿಯಬಿಲಿಟಿಗೆ [-1, 1] ಮೇಲೆ |x| ಸಾಕು. ಕನಿಷ್ಠ ಬೆಲೆ ಒಳಗೇ, 0ಯಲ್ಲೇ ಸಿಗುತ್ತದೆ. ಆದರೆ ಅಲ್ಲಿ ಮೂಲೆ ಇದೆ, ಡಿರೈವೆಟಿವ್ ಇಲ್ಲ. f(a) = f(b)ಗೆ [0, 1] ಮೇಲೆ f(x) = x. ಗರಿಷ್ಠ, ಕನಿಷ್ಠ ಎರಡೂ ತುದಿಗೆ ಹೋಗಿ ಕೂತಿವೆ, ಒಳಗೆ ಯಾವುದೂ ಇಲ್ಲ.

ಇನ್ನೊಂದು ಮಾತು. ಎಷ್ಟೋ ಮಂದಿ ಡಿಫರೆನ್ಷಿಯಬಿಲಿಟಿಯನ್ನೂ [a, b] ಮೇಲೆ ಬರೆದುಬಿಡುತ್ತಾರೆ. ಬೇಕಿರುವುದು (a, b) ಮೇಲೆ ಮಾತ್ರ. [-1, 1] ಮೇಲೆ √(1 − x²) ನೋಡಿ: ತುದಿಗಳಲ್ಲಿ ಸ್ಪರ್ಶರೇಖೆ ನೆಟ್ಟಗೆ ನಿಲ್ಲುತ್ತದೆ, ಡಿರೈವೆಟಿವ್ ಇಲ್ಲ. ಆದರೂ ಪ್ರಮೇಯ ಅನ್ವಯಿಸುತ್ತದೆ, c = 0. ಇದು ಕೌಂಟರ್‌ಎಕ್ಸಾಂಪಲ್ ಅಲ್ಲ, ಆದರೂ ನಾನಾದರೆ ಕಾರ್ಡಿನ ಹಿಂದೆ ಬರೆದುಕೊಳ್ಳುತ್ತೇನೆ.

ಷರತ್ತು ಮುರಿದರೆ c ಸಿಗುವುದೇ ಇಲ್ಲ ಅಂತ ಟ್ಯೂಷನ್ನಲ್ಲಿ ಹೇಳಿದ್ರು. ಹೌದಾ?
– ರಾಜಾಜಿನಗರ

ಅಲ್ಲ. [-1, 1] ಮೇಲೆ x³ ತಗೊಳ್ಳಿ: ತುದಿಗಳು ಸಮ ಇಲ್ಲ, ಆದರೂ 0ಯಲ್ಲಿ ಡಿರೈವೆಟಿವ್ ಸೊನ್ನೆ. ಷರತ್ತು ಮುರಿದರೆ ಗ್ಯಾರಂಟಿ ಹೋಗುತ್ತದೆ, ಅಷ್ಟೇ. ಹೀಗೆ ಹೇಳಿಕೊಡುವವರಿಗೆ ಫೀಸ್ ಬೇರೆ ಕೊಡುತ್ತೀರಾ?

ಅವೆನ್ಯೂ ರೋಡಲ್ಲಿ ರೆಡಿ ಕಾರ್ಡ್‌ಗಳ ಜೆರಾಕ್ಸ್ ಸೆಟ್ ಸಿಗುತ್ತೆ, ತಗೊಳ್ಳಲಾ?
– ಬನಶಂಕರಿ

ರೋಲ್ ಕಾರ್ಡ್ ತೆಗೆದು ನೋಡಿ. tan x ಇದ್ದರೆ ಅಲ್ಲೇ ಇಟ್ಟು ಬನ್ನಿ.