ಎಂಟು ತಪ್ಪಿಗೆ ಎಂಟು ಕಾರಣ ಇರಲ್ಲ

ಪ್ರಶ್ನೆ: ಕುಷ್ಟಗಿ ತಾಲ್ಲೂಕಿನ ಹಳ್ಳಿ ಶಾಲೆಯಲ್ಲಿ ಅತಿಥಿ ಶಿಕ್ಷಕಿ ನಾನು. ಮೂರನೇ ತರಗತಿ ಹುಡುಗಿಯೊಬ್ಬಳು ಕಳೆಯುವ 12 ಲೆಕ್ಕದಲ್ಲಿ 8 ತಪ್ಪು ಮಾಡಿದ್ದಾಳೆ. 47 − 23 = 24 ಸರಿ ಇದೆ. ಆದರೆ 52 − 27 = 35, 63 − 48 = 25, 40 − 18 = 38, 75 − 28 = 57 ಅಂತ ಬರೆದಿದ್ದಾಳೆ. ಬೈದರೆ ಅಳುತ್ತಾಳೆ, ‘ಗುಡ್’ ಅಂತ ಬರೆದರೆ ಸುಳ್ಳಾಗುತ್ತದೆ. ನೋಟ್‌ಬುಕ್ಕಿನಲ್ಲಿ ಏನು ಬರೆಯಲಿ?

ಉತ್ತರ: ಮೇಡಂ, ಪೆನ್ನು ಸ್ವಲ್ಪ ಹೊತ್ತು ಕೆಳಗಿಡಿ. ಮೊದಲು 35 ಹೇಗೆ ಬಂತು ನೋಡೋಣ. ಬಿಡಿ ಮನೆಯಲ್ಲಿ ಮೇಲೆ 2, ಕೆಳಗೆ 7. ಹುಡುಗಿ 7ರಲ್ಲಿ 2 ಕಳೆದು 5 ಬರೆದಳು. ಹತ್ತರ ಮನೆಯಲ್ಲಿ 5ರಲ್ಲಿ 2 ಹೋಗಿ 3. 25 ಮತ್ತು 38 ಬಂದದ್ದೂ ಹೀಗೆಯೇ. ಅವಳು ಮನಸ್ಸಿಗೆ ಬಂದದ್ದು ಬರೆದಿಲ್ಲ, ಒಂದು ನಿಯಮ ಹಿಡಿದು ನಿಷ್ಠೆಯಿಂದ ಮಾಡಿದ್ದಾಳೆ. ಆ ನಿಯಮ ಕೊಟ್ಟವರು ಬಹುಶಃ ನಾವೇ. ಒಂದನೇ, ಎರಡನೇ ತರಗತಿಯಲ್ಲಿ ‘ಯಾವಾಗಲೂ ದೊಡ್ಡದರಾಗ ಸಣ್ಣದು ಕಳೀಬೇಕು’ ಅಂತ ಹೇಳಿಕೊಡುತ್ತೇವಲ್ಲ, ಅದು.

ಈಗ 57 ನೋಡಿ. ಹಳೇ ನಿಯಮದಂತೆ ಹೋಗಿದ್ದರೆ 53 ಬರಬೇಕಿತ್ತು. 57 ಬಂದಿದೆ ಎಂದರೆ 5ನ್ನು 15 ಮಾಡಿ ಅದರಲ್ಲಿ 8 ಕಳೆದಿರಬೇಕು. ಪಕ್ಕದ 7ರಿಂದ ಒಂದು ಹತ್ತು ತಂದಳು, ಅಲ್ಲಿ 6 ಮಾಡುವುದು ಮರೆತಳು. ನನಗೆ ಈ ಹಾಳೆಯಲ್ಲಿ ಎಲ್ಲಕ್ಕಿಂತ ಇಷ್ಟವಾದ ಉತ್ತರ ಈ ತಪ್ಪು ಉತ್ತರವೇ. ಆದರೂ ಇದು ನನ್ನ ಊಹೆ. ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ‘ಇದನ್ನ ಹೆಂಗ ಮಾಡಿದಿ, ಬಾಯಿಬಿಟ್ಟು ಹೇಳಿಕೋತ ಮಾಡಿ ತೋರಿಸವ್ವಾ’ ಅನ್ನಿ. ಉಳಿದ ತಪ್ಪುಗಳೂ ಇದೇ ಜಾತಿಯವೋ ಎಂಬುದು ಆಗಲೇ ತಿಳಿಯುತ್ತದೆ. ತಿಳಿದ ಮೇಲೆ ಬರೆಯಿರಿ. ನಾನಾದರೆ ಹೀಗೆ ಬರೆಯುತ್ತಿದ್ದೆ:

‘ಬಿಡಿ ಮನೆಯಲ್ಲಿ ಮೇಲೆ ದೊಡ್ಡ ಅಂಕಿ ಇದ್ದ ನಾಲ್ಕೂ ಲೆಕ್ಕ ಸರಿ ಮಾಡಿದ್ದೀಯ. ಉಳಿದ ಎಂಟು ತಪ್ಪಾಗಿವೆ. 52 − 27ರಲ್ಲಿ ನೀನು 7ರಿಂದ 2 ಕಳೆದೆ. ಕಳೆಯಬೇಕಾದದ್ದು 7. 75 − 28ರಲ್ಲಿ 5ನ್ನು 15 ಮಾಡಿದೆಯಲ್ಲ, ಆ ದಾರಿ ಸರಿ. ಆದರೆ ಒಂದು ಹತ್ತು ಕೊಟ್ಟ ಮೇಲೆ 7 ಇದ್ದಲ್ಲಿ 6 ಉಳಿಯುತ್ತದೆ. ನಾಳೆ ಕಡ್ಡಿ ಇಟ್ಟುಕೊಂಡು ಇಬ್ಬರೂ ಮಾಡಿ ನೋಡೋಣ.’

ಎಂಟು ತಪ್ಪು ಎಂದು ನೇರವಾಗಿಯೇ ಬರೆದಿದ್ದೇನೆ. ಮುಚ್ಚಿಟ್ಟರೆ ಪಕ್ಕದವಳ ನೋಟ್‌ಬುಕ್ ನೋಡಿ ಅವಳಿಗೇ ಗೊತ್ತಾಗುತ್ತದೆ, ಆಮೇಲೆ ನಿಮ್ಮ ‘ಸರಿ’ಯನ್ನೂ ನಂಬುವುದಿಲ್ಲ. ಆದರೆ ಮೇಲೆ 4/12 ಅಂತ ಹಾಕಬೇಡಿ. ಇಸ್ರೇಲಿನ ಶಾಲಾ ಮಕ್ಕಳ ಮೇಲೆ ರೂತ್ ಬಟ್ಲರ್ ನಡೆಸಿದ ಅಧ್ಯಯನ 1988ರಲ್ಲಿ ಪ್ರಕಟವಾಯಿತು. ಬರೀ ಟಿಪ್ಪಣಿ ಪಡೆದ ಮಕ್ಕಳು ಮುಂದೆ ಸುಧಾರಿಸಿದರು, ಟಿಪ್ಪಣಿಯ ಜೊತೆ ಅಂಕವನ್ನೂ ಪಡೆದವರಲ್ಲಿ ಆ ಲಾಭ ಕಾಣಲಿಲ್ಲ. ಕೆಂಪು ಗುಣಾಕಾರ ಚಿಹ್ನೆಯೂ ಬೇಡ, ತಪ್ಪಾದ ಕಡೆ ಪೆನ್ಸಿಲ್ಲಿನ ಚುಕ್ಕಿ ಸಾಕು. ಇನ್ನೊಂದು ಮಾತು: ಬಾಯಿಮಾತು ನಮ್ಮ ಕಡೆಯದೇ ಇರಲಿ, ಬರೆಯುವುದು ಪಠ್ಯಪುಸ್ತಕದ ಕನ್ನಡದಲ್ಲಿರಲಿ. ಆ ವಯಸ್ಸಿನ ಮಗು ಓದಿ ಅಭ್ಯಾಸವಾಗಿರುವುದು ಅದನ್ನೇ.

ಮಾರನೇ ದಿನ ಕಸಬರಿಗೆ ಕಡ್ಡಿ ಮುರಿದು ಹತ್ತತ್ತರ ಕಟ್ಟು ಮಾಡಿ ರಬ್ಬರ್ ಬ್ಯಾಂಡ್ ಹಾಕಿ. ಐದು ಕಟ್ಟು, ಎರಡು ಬಿಡಿ ಕಡ್ಡಿ ಅವಳ ಮುಂದಿಟ್ಟು, ಇದರಲ್ಲಿ 27 ನನಗೆ ಕೊಡು ಅನ್ನಿ. ಎರಡು ಕಟ್ಟು ಕೊಟ್ಟು ಏಳು ಬಿಡಿಗೆ ತಡವರಿಸುತ್ತಾಳೆ. ಸುಮ್ಮನಿರಿ. ರಬ್ಬರ್ ಬ್ಯಾಂಡ್ ಅವಳೇ ಬಿಚ್ಚಬೇಕು. ಒಂದು ಕಟ್ಟು ಬಿಚ್ಚಿದರೆ ಬಿಡಿ ಹನ್ನೆರಡಾಗುತ್ತವೆ, ಏಳು ಕೊಟ್ಟರೆ ಐದು ಉಳಿಯುತ್ತವೆ, ಕಟ್ಟು ಎರಡು: 25. ಕಟ್ಟು ಒಂದು ಕಡಿಮೆಯಾದದ್ದು ಕಣ್ಣಿಗೇ ಕಾಣುವುದರಿಂದ 57ರ ತಪ್ಪೂ ಅಲ್ಲಿಯೇ ಬಿಡಿಸಿಕೊಳ್ಳುತ್ತದೆ. ಆಮೇಲೆ ಹಳೇ ಉತ್ತರಕ್ಕೆ 27 ಕೂಡಿಸಲು ಹೇಳಿ. 35 + 27 = 62. ನಮ್ಮ ಹತ್ತಿರ ಇದ್ದದ್ದೇ 52!

ತಿದ್ದಿ ಬರೆಯಲು ಎಂಟೂ ಕೊಡಬೇಡಿ, ಮೂರು ಕೊಡಿ: 63 − 48, 75 − 28, ಮತ್ತು ಮೊದಲೇ ಸರಿ ಮಾಡಿದ್ದ 47 − 23. ಮೂರನೆಯದು ಯಾಕೆಂದರೆ, ಕಟ್ಟು ಬಿಚ್ಚುವುದು ಹೊಸದಾಗಿ ಕಲಿತ ಮಕ್ಕಳು ಬೇಡದ ಕಡೆಯೂ ಬಿಚ್ಚುತ್ತಾರೆ. 7ನ್ನು 17 ಮಾಡಿ ಬಿಡಿ ಮನೆಯಲ್ಲಿ 14 ಬರೆದು ಕೂರುತ್ತಾರೆ. ಮೂರೂ ಸರಿಯಾದರೆ ಮಾತ್ರ 40 − 18ಕ್ಕೆ ಹೋಗಿ. ಅಲ್ಲಿ ಬಿಡಿ ಕಡ್ಡಿ ಒಂದೂ ಇರುವುದಿಲ್ಲ. ‘ಕಡ್ಡೀನ ಇಲ್ಲಲ್ಲ ಟೀಚರ್’ ಅಂತ ನಿಮ್ಮ ಮುಖ ನೋಡಬಹುದು, ಆಗಲೂ ನೀವು ಕಟ್ಟಿಗೆ ಕೈ ಹಾಕಬೇಡಿ.